ಸಮತೋಲನ ಸ್ಥಿರಾಂಕ

ಮುಂದಕ್ಕೂ ಹಿಂದಕ್ಕೂ ನಡೆಯಬಲ್ಲ ರಾಸಾಯನಿಕ ಕ್ರಿಯೆಯೊಂದು ನಿಯತವಾದ ಉಷ್ಣತೆಯಲ್ಲಿ ಸಮತೋಲನಕ್ಕೆ ಬಂದು ನಿಂತಾಗ, ಅದರ ಉತ್ಪನ್ನಗಳ ಸಾರತೆಗಳ ಗುಣಲಬ್ಧಕ್ಕೂ ಪ್ರತಿವರ್ತಕಗಳ ಸಾರತೆಗಳ ಗುಣಲಬ್ಧಕ್ಕೂ ನಡುವೆ ಕಾಣಬರುವ ಬದಲಾಗದ ನಿಷ್ಪತ್ತಿಗೆ ಸಮತೋಲನ ಸ್ಥಿರಾಂಕವೆಂದು ಹೆಸರು. ಸಮತೋಲನವೆಂದರೆ ಕ್ರಿಯೆಯು ಸತ್ತುಹೋದ ಸ್ಥಿತಿಯಲ್ಲ. ಮುಂದಿನ ಕ್ರಿಯೆಯೂ ಹಿಂದಿನ ಕ್ರಿಯೆಯೂ ಸಮವೇಗದಿಂದ ನಡೆಯುತ್ತಿದ್ದು, ಒಂದು ಕಟ್ಟಿದುದನ್ನು ಇನ್ನೊಂದು ಬಿಚ್ಚುತ್ತಿರುವುದರಿಂದ ಹೊರಗಿನ ಅಳತೆಗೆ ಯಾವ ಬದಲಾವಣೆಯೂ ಸಿಕ್ಕದ ಸ್ಥಿತಿ ಅದು. ಪ್ರಸ್ತುತ ಲೇಖನವು ಈ ಸ್ಥಿರಾಂಕದ ಸೂತ್ರವನ್ನೂ, ಅದರ ಬೆಲೆ ಹಿರಿದಾದರೆ ಅಥವಾ ಕಿರಿದಾದರೆ ಏನನ್ನು ತಿಳಿಯಬೇಕೆಂಬುದನ್ನೂ, ಸಮತೋಲನಕ್ಕೆ ಇನ್ನೂ ಬಾರದ ಮಿಶ್ರಣವನ್ನು ಅಳೆಯುವ ಪ್ರತಿಕ್ರಿಯಾ ಭಾಗಲಬ್ಧವನ್ನೂ ವಿವರಿಸಿ, ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಬಬ್ಬೂರಿನ ಸುತ್ತಣ ಸೀಮೆಯ ಅಂತರ್ಜಲದಲ್ಲಿ ಈ ವಿಚಾರವು ಹೇಗೆ ಪ್ರತ್ಯಕ್ಷವಾಗುತ್ತದೆಂಬುದನ್ನು ಲೆಕ್ಕಸಮೇತ ನೋಡುತ್ತದೆ.

A ಎಂಬ ವಸ್ತುವಿನ a ಮೋಲುಗಳೂ B ಎಂಬುದರ b ಮೋಲುಗಳೂ ಕೂಡಿ, C ಎಂಬುದರ c ಮೋಲುಗಳನ್ನೂ D ಎಂಬುದರ d ಮೋಲುಗಳನ್ನೂ ಕೊಡುವ ಕ್ರಿಯೆಯನ್ನು ತೆಗೆದುಕೊಂಡರೆ,

aA + bB ⇌ cC + dD

K = [C]^c [D]^d / [A]^a [B]^b

ಎಂದಾಗುತ್ತದೆ. ಚೌಕ ಆವರಣಗಳು ಲೀಟರಿಗೆ ಇಷ್ಟು ಮೋಲು ಎಂಬ ಸಾರತೆಯನ್ನು ಸೂಚಿಸುತ್ತವೆ. ಸಮೀಕರಣದಲ್ಲಿ ಪ್ರತಿಯೊಂದು ವಸ್ತುವಿನ ಹಿಂದೆ ನಿಂತ ಗುಣಾಂಕವು ಇಲ್ಲಿ ಆ ವಸ್ತುವಿನ ಸಾರತೆಯ ಘಾತವಾಗಿ ಮೇಲಕ್ಕೇರುತ್ತದೆ. ಈ ಘಾತಗಳನ್ನು ಅಲಂಕಾರಕ್ಕೆ ಇಟ್ಟ ಅಂಕಿಗಳೆಂದು ಭಾವಿಸಿ ಕೈಬಿಟ್ಟವರ ಲೆಕ್ಕ ಎಷ್ಟು ದೂರ ತಪ್ಪುತ್ತದೆಂಬುದು ಮುಂದೆ ಫ್ಲೋರೈಡಿನ ಪ್ರಸಂಗದಲ್ಲಿ ತಾನಾಗಿಯೇ ತಿಳಿಯುವುದು. ಶುದ್ಧ ಘನವಸ್ತುಗಳಿಗೂ, ದ್ರಾವಕವಾಗಿ ಹೇರಳವಾಗಿರುವ ನೀರಿಗೂ ಈ ಸೂತ್ರದಲ್ಲಿ ಸ್ಥಾನವಿಲ್ಲ. ಬಂಡೆಯೊಳಗಿನ ಹರಳು ಹಿಡಿಯಷ್ಟಿರಲಿ, ಬೆಟ್ಟದಷ್ಟಿರಲಿ, ಅದರ ಒಳಗಿನ ದ್ರವ್ಯದ ಸಾಂದ್ರತೆ ಒಂದೇ ಆಗಿರುವುದರಿಂದ, ಹರಳಿನ ಮೊತ್ತವು ಸಂತೃಪ್ತ ದ್ರಾವಣದ ಸಾರತೆಯನ್ನು ಹೆಚ್ಚಿಸಲಾರದು, ತಗ್ಗಿಸಲೂ ಆರದು. ಅದು ಇದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯ.

K ಎಂಬುದು ಉಷ್ಣತೆಯೊಡನೆ ಬದಲಾಗುತ್ತದೆಯೇ ಹೊರತು, ಆರಂಭದಲ್ಲಿ ಯಾವ ವಸ್ತುವನ್ನು ಎಷ್ಟು ಹಾಕಿದೆವೆಂಬುದರಿಂದಲಾಗಲಿ, ವೇಗವರ್ಧಕವನ್ನು ಸೇರಿಸಿದುದರಿಂದಲಾಗಲಿ ಬದಲಾಗುವುದಿಲ್ಲ. ಕ್ರಿಯೆಯನ್ನು ತಿರುಗಿಸಿ ಬರೆದರೆ ಅದರ ಬೆಲೆ ವಿಲೋಮವಾಗುತ್ತದೆ. ಸಮೀಕರಣವನ್ನು ಇಮ್ಮಡಿಸಿ ಬರೆದರೆ ವರ್ಗವಾಗುತ್ತದೆ. ಆದುದರಿಂದ ಯಾವ ಸಮೀಕರಣಕ್ಕೆ ಸೇರಿದ್ದೆಂದು ಹೇಳದೆ K ಯ ಬೆಲೆಯೊಂದನ್ನೇ ಉದ್ಧರಿಸುವುದು, ಊರಿನ ಹೆಸರು ಹೇಳದೆ ದೂರವನ್ನು ಮಾತ್ರ ಹೇಳಿದಂತೆ.

ಬೆಲೆಯ ಹಿರಿತನ ಕಿರಿತನಗಳ ಅರ್ಥವು ಮೇಲ್ನೋಟಕ್ಕೆ ಸುಲಭ. K ಒಂದಕ್ಕಿಂತ ಬಹಳ ದೊಡ್ಡದಾದರೆ ಸಮತೋಲನದಲ್ಲಿ ಉತ್ಪನ್ನಗಳದೇ ಮೇಲುಗೈ. ಬಹಳ ಚಿಕ್ಕದಾದರೆ ಪ್ರತಿವರ್ತಕಗಳು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತವೆ. ಒಂದರ ಆಸುಪಾಸಿನಲ್ಲಿದ್ದರೆ ಎರಡು ಪಕ್ಷಗಳೂ ಎಣಿಕೆಗೆ ಬರುವಷ್ಟು ಇರುತ್ತವೆ. ಜಲಜನಕವೂ ಕ್ಲೋರಿನ್ನೂ ಕೂಡಿ ಹೈಡ್ರೊಜನ್ ಕ್ಲೋರೈಡಾಗುವ ಕ್ರಿಯೆಗೆ, ಎರಡು ಅಣುಗಳ ಉತ್ಪನ್ನವನ್ನು ಲೆಕ್ಕಿಸಿ ಬರೆದರೆ, 25 ಡಿಗ್ರಿ ಸೆಲ್ಸಿಯಸಿನಲ್ಲಿ K ಸುಮಾರು 10³³. ಅಂದರೆ ಹಿಂದುಳಿಯುವ ಕ್ಲೋರಿನ್ ನಮ್ಮ ಯಾವ ಉಪಕರಣಕ್ಕೂ ಸಿಕ್ಕದು. ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರಿಕ್ ಆಕ್ಸೈಡಾಗುವ ಕ್ರಿಯೆಗೆ ಅದೇ ಉಷ್ಣತೆಯಲ್ಲಿ K ಸುಮಾರು 5 × 10⁻³¹. ನಮ್ಮನ್ನು ಸುತ್ತಿರುವ ವಾಯುಮಂಡಲದಲ್ಲಿ ಈ ಎರಡು ಅನಿಲಗಳು ಕೋಟ್ಯಂತರ ವರ್ಷಗಳಿಂದ ಜೊತೆಯಲ್ಲಿದ್ದೂ ಸಂಯೋಗಹೊಂದದಿರುವುದಕ್ಕೆ ಇದೂ ಒಂದು ಕಾರಣ. ಜಲಜನಕ ಮತ್ತು ಅಯೊಡಿನ್ ಬಾಷ್ಪಗಳ ಕ್ರಿಯೆಗೆ ಸುಮಾರು 450 ಡಿಗ್ರಿಯಲ್ಲಿ K 50ರ ಸಮೀಪದಲ್ಲಿರುವುದರಿಂದ, ಅಲ್ಲಿ ಮೂರು ವಸ್ತುಗಳನ್ನೂ ಒಟ್ಟಿಗೆ ಅಳೆಯಬಹುದು.

ಆದರೆ ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ಎಲ್ಲ ಪಾಠಪುಸ್ತಕಗಳಲ್ಲಿಯೂ ಇರುವಂಥದು: K ವೇಗವನ್ನು ಹೇಳುವುದಿಲ್ಲ. ಜಲಜನಕವೂ ಆಮ್ಲಜನಕವೂ ಕೂಡಿ ನೀರಾಗುವ ಕ್ರಿಯೆಯ K ಅಗಾಧವಾದರೂ, ಕಿಡಿ ತಾಗದಿದ್ದರೆ ಆ ಎರಡು ಅನಿಲಗಳು ಒಂದೇ ಪಾತ್ರೆಯಲ್ಲಿ ವರ್ಷಗಟ್ಟಲೆ ನಿಶ್ಚಲವಾಗಿರಬಲ್ಲವು. ಎರಡನೆಯ ಎಚ್ಚರಿಕೆಯನ್ನು ಪಾಠಪುಸ್ತಕಗಳು ಅಷ್ಟಾಗಿ ಒತ್ತಿಹೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಮುಖ್ಯವಾದುದು. K ಯು ಚಿಕ್ಕದೆಂದ ಮಾತ್ರಕ್ಕೆ ಉತ್ಪನ್ನವು ನಗಣ್ಯವೆಂದೂ, ದೊಡ್ಡದೆಂದ ಮಾತ್ರಕ್ಕೆ ಪ್ರತಿವರ್ತಕವು ಮುಗಿದುಹೋಯಿತೆಂದೂ ತೀರ್ಮಾನಿಸಲಾಗದು. ಸೂತ್ರದಲ್ಲಿ ಎಷ್ಟು ಪದಗಳು, ಯಾವ ಘಾತಗಳಲ್ಲಿ ಸೇರಿವೆ, ಉಳಿದ ಪದಗಳ ಸಾರತೆ ಎಷ್ಟು ಎಂಬುದರೊಡನೆ ಮಾತ್ರ ಆ ಬೆಲೆ ಅರ್ಥವಾಗುತ್ತದೆ. ಬಬ್ಬೂರು ಸೀಮೆಯ ನೀರು ಈ ಎರಡೂ ತಪ್ಪುಗಳಿಗೆ ಒಳ್ಳೆಯ ಉದಾಹರಣೆಯನ್ನು ಒದಗಿಸುತ್ತದೆ.

ಈ ವಿಚಾರದ ಇತಿಹಾಸ ಆರಂಭವಾದುದೂ ಬಬ್ಬೂರಿನಂಥ ಒಣಸೀಮೆಯೊಂದರಲ್ಲಿ. 1798ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋದ ಫ್ರೆಂಚ್ ರಸಾಯನವಿಜ್ಞಾನಿ ಬರ್ತೊಲೆ, ಅಲ್ಲಿನ ಉಪ್ಪುಸರೋವರಗಳ ದಂಡೆಯಲ್ಲಿ ಸೋಡಾ ಹೆಪ್ಪುಗಟ್ಟಿರುವುದನ್ನು ಕಂಡನು. ಪ್ರಯೋಗಶಾಲೆಯಲ್ಲಿ ಸೋಡಾ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸಿದರೆ ಸುಣ್ಣದ ಕಾರ್ಬೊನೇಟ್ ಪ್ರಕ್ಷೇಪವಾಗಿ ಕೆಳಗಿಳಿಯುತ್ತದೆ, ಅಡಿಗೆಯ ಉಪ್ಪು ದ್ರಾವಣದಲ್ಲಿ ಉಳಿಯುತ್ತದೆ. ಸರೋವರದ ದಂಡೆಯಲ್ಲಿ ಇದೇ ಕ್ರಿಯೆ ತಿರುಗುಮುರುಗಾಗಿ ನಡೆದಿತ್ತು. ಸುಣ್ಣಕಲ್ಲಿನ ಮೇಲೆ ಅಪಾರವಾದ ಉಪ್ಪಿನ ಸಾರತೆ ಒತ್ತಿದುದೇ ಇದಕ್ಕೆ ಕಾರಣವೆಂದೂ, ಕ್ರಿಯೆಯ ದಿಕ್ಕು ವಸ್ತುಗಳ ಪರಸ್ಪರ ಒಲವಿನಿಂದ ಮಾತ್ರವಲ್ಲದೆ ಅವುಗಳ ಪ್ರಮಾಣದಿಂದಲೂ ನಿರ್ಧಾರವಾಗುವುದೆಂದೂ ಅವನು ಊಹಿಸಿದನು. ಆ ಊಹೆಗೆ ಗಣಿತದ ರೂಪ ಬರಲು ಅರುವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದುವು. ನಾರ್ವೆ ದೇಶದ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬ ಭಾವಮೈದುನರು 1864ರಲ್ಲಿ ಪ್ರಕಟಿಸಿದ ರಾಶಿಕ್ರಿಯಾ ನಿಯಮವೂ, ಡಚ್ ವಿಜ್ಞಾನಿ ವಾಂಟ್ ಹಾಫ್ 1884ರ ತನ್ನ ಗ್ರಂಥದಲ್ಲಿ ಅದಕ್ಕೆ ಕೊಟ್ಟ ವ್ಯವಸ್ಥಿತ ವಿವರಣೆಯೂ ಇಂದಿನ K ಗೆ ಅಡಿಪಾಯಗಳು.

ಮಿಶ್ರಣವು ಸಮತೋಲನದಲ್ಲಿದೆಯೋ ಇಲ್ಲವೋ ತಿಳಿಯದಿರುವಾಗ, ಈ ಗಳಿಗೆಯಲ್ಲಿ ಅಳೆದು ಸಿಕ್ಕ ಸಾರತೆಗಳನ್ನೇ ಮೇಲಿನ ಸೂತ್ರದ ಬಲಭಾಗದಲ್ಲಿ ಇಟ್ಟು ಪಡೆದ ಬೆಲೆಗೆ ಪ್ರತಿಕ್ರಿಯಾ ಭಾಗಲಬ್ಧವೆನ್ನುತ್ತಾರೆ. ಅದರ ಸಂಕೇತ Q. ಸೂತ್ರ ಒಂದೇ, ತುಂಬುವ ಅಂಕಿಗಳು ಬೇರೆ. Q ಯು K ಗಿಂತ ಕಡಿಮೆಯಿದ್ದರೆ ಉತ್ಪನ್ನಗಳು ಇನ್ನೂ ಸಾಲದೆಂದು ಅರ್ಥ, ಕ್ರಿಯೆ ಮುಂದಕ್ಕೆ ಸಾಗುತ್ತದೆ. ಹೆಚ್ಚಾಗಿದ್ದರೆ ಹಿಂದಕ್ಕೆ ಸರಿಯುತ್ತದೆ. ಸಮನಾಗಿದ್ದರೆ ನಿಂತಲ್ಲೇ ನಿಲ್ಲುತ್ತದೆ. ಸೋಡಾ ಉತ್ಪನ್ನವಾಗುವಂತೆ ಸಮೀಕರಣವನ್ನು ಬರೆದರೆ, ಬರ್ತೊಲೆ ಕಂಡ ಸರೋವರದಲ್ಲಿ ಸೋಡಿಯಮಿನ ಮತ್ತು ಕ್ಲೋರೈಡಿನ ಅತಿಶಯವು Q ವನ್ನು K ಗಿಂತ ಕೆಳಕ್ಕೆ ಒತ್ತಿಹಿಡಿದಿದ್ದಿತು. ಅವನ ಪ್ರಯೋಗಶಾಲೆಯ ಗಾಜಿನಲ್ಲಿ ಅದೇ Q ಮೇಲಕ್ಕೇರಿತ್ತು. K ಎರಡೆಡೆಯಲ್ಲಿಯೂ ಒಂದೇ.

ಬಬ್ಬೂರು ಗ್ರಾಮವು ವೇದಾವತಿಯ ತೀರದ ಹಿರಿಯೂರು ಪಟ್ಟಣದ ನೆರೆಯಲ್ಲಿದೆ. ಇಲ್ಲಿನ ಕೃಷಿಕ್ಷೇತ್ರವು ‘ಬಬ್ಬೂರು ಫಾರಂ’ ಎಂದೇ ಜನರ ಬಾಯಲ್ಲಿ ಪ್ರಸಿದ್ಧ; ಕರ್ಣಾಟಕದ ಮಧ್ಯ ಒಣವಲಯಕ್ಕೆ ಸೇರಿದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನ ಕೇಂದ್ರವು ಅಲ್ಲಿಯೇ ನೆಲೆಗೊಂಡಿದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಎರೆಮಣ್ಣಿನ ಅಡಿಯಲ್ಲಿ ಸುಣ್ಣದ ಗಂಟುಗಳು ಸಾಮಾನ್ಯ. ತಗ್ಗುಭೂಮಿಯಲ್ಲಿ ಅಲ್ಲಲ್ಲಿ ಚೌಳು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರ ವೇಳೆಗೆ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರದ ನೀರು ತಲಪದ ಕಡೆಯೆಲ್ಲ ಬೇಸಾಯಕ್ಕೂ ಕುಡಿಯುವುದಕ್ಕೂ ಕೊಳವೆಬಾವಿಯೇ ಗತಿ. ಕೊಳವೆ ಇಳಿಯುವುದು ನೈಸ್ ಮತ್ತು ಗ್ರಾನೈಟ್ ಜಾತಿಯ ಗಡಸುಶಿಲೆಗಳ ಬಿರುಕುಗಳಿಗೆ. ಇಂಥ ಶಿಲೆಗಳ ಕಪ್ಪು ಅಭ್ರಕ, ಅಪಟೈಟ್ ಮತ್ತು ಫ್ಲೂರೈಟ್ ಎಂಬ ಖನಿಜಗಳಲ್ಲಿ ಫ್ಲೋರಿನ್ ಅಡಕವಾಗಿರುವುದರಿಂದ, ಚಿತ್ರದುರ್ಗ ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿ ದೊರೆಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಾಗ 1.5 ಮಿಲಿಗ್ರಾಮಿನವರೆಗೆ ಸಹ್ಯ. ಇದನ್ನು ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲುಗಳಲ್ಲಿ ಕಂದು ಕಲೆಗಳೂ, ಪ್ರಮಾಣ ಇನ್ನೂ ಹೆಚ್ಚಾಗಿ ವರ್ಷಗಳು ಕಳೆದರೆ ಎಲುಬು ಕೀಲುಗಳ ಬಿಗಿತವೂ ಕಾಣಿಸಿಕೊಳ್ಳುತ್ತವೆ.

ಈಗ ಫ್ಲೂರೈಟ್ ಖನಿಜವನ್ನು ತೆಗೆದುಕೊಳ್ಳೋಣ. ಅದು ನೀರಿನಲ್ಲಿ ಕರಗುವುದು ಹೀಗೆ:

CaF₂ ⇌ Ca²⁺ + 2F⁻

K = [Ca²⁺] [F⁻]²

ಘನವಸ್ತು ಸೂತ್ರದಿಂದ ಬಿಟ್ಟುಹೋದ ಕಾರಣ ಛೇದವೇ ಇಲ್ಲದ ಈ ಬಗೆಯ ಸ್ಥಿರಾಂಕಕ್ಕೆ ವಿಲೇಯತಾ ಗುಣಲಬ್ಧವೆಂಬ ವಿಶೇಷನಾಮವುಂಟು. 25 ಡಿಗ್ರಿಯಲ್ಲಿ ಫ್ಲೂರೈಟಿನದು ಸುಮಾರು 3.5 × 10⁻¹¹. ಕೋಷ್ಟಕದಿಂದ ಕೋಷ್ಟಕಕ್ಕೆ 2.5ರಿಂದ 4ರವರೆಗೆ ವ್ಯತ್ಯಾಸವಿದ್ದರೂ ನಮ್ಮ ವಾದಕ್ಕೆ ಅದರಿಂದ ಬಾಧಕವಿಲ್ಲ. ಸುಮಾರು ಮೂರು ಸಾವಿರ ಕೋಟಿಯಲ್ಲಿ ಒಂದು ಪಾಲಿನ ಮಟ್ಟದ ಈ ಕಿರಿಯ ಸಂಖ್ಯೆಯನ್ನು ಕಂಡವರು, ಫ್ಲೂರೈಟ್ ಕರಗುವುದೇ ಇಲ್ಲ, ಅದರಿಂದ ಭಯವಿಲ್ಲ ಎಂದುಕೊಳ್ಳುವುದು ಸಹಜ. ಲೆಕ್ಕ ಬೇರೆಯಾಗಿದೆ. ಶುದ್ಧವಾದ ನೀರಿನಲ್ಲಿ ಲೀಟರಿಗೆ s ಮೋಲು ಫ್ಲೂರೈಟ್ ಕರಗಿದರೆ ಕ್ಯಾಲ್ಸಿಯಂ s ಮೋಲು, ಫ್ಲೋರೈಡ್ 2s ಮೋಲು; ಆದುದರಿಂದ K = 4s³. ಘನಮೂಲವನ್ನು ತೆಗೆದರೆ s = 2.06 × 10⁻⁴. ಫ್ಲೋರೈಡ್ 4.1 × 10⁻⁴ ಮೋಲು, ಅಂದರೆ ಲೀಟರಿಗೆ ಸುಮಾರು 7.8 ಮಿಲಿಗ್ರಾಂ, ಸಹ್ಯಮಿತಿಯ ಐದುಪಟ್ಟು. ಹನ್ನೊಂದು ದಶಮಾಂಶ ಸ್ಥಾನಗಳಷ್ಟು ಕೆಳಗಿರುವ ಸ್ಥಿರಾಂಕವು, ಮೂರು ಅಯಾನುಗಳಿಗೆ ಹಂಚಿಕೊಂಡಾಗ, ಮನುಷ್ಯನ ಹಲ್ಲನ್ನು ಕೆಡಿಸುವುದಕ್ಕೆ ಬೇಕಾದುದಕ್ಕಿಂತ ಹೆಚ್ಚನ್ನೇ ನೀರಿಗೆ ಬಿಟ್ಟುಕೊಡುತ್ತದೆ.

ಆದರೆ ಬಂಡೆಯ ಬಿರುಕಿನಲ್ಲಿ ಹರಿಯುವ ನೀರು ಶುದ್ಧವಲ್ಲ. ಅದರಲ್ಲಿ ಬೇರೆ ಮೂಲಗಳಿಂದ ಬಂದ ಕ್ಯಾಲ್ಸಿಯಂ ಮೊದಲೇ ಇರುತ್ತದೆ. ಗುಣಲಬ್ಧವು ಸ್ಥಿರವಾದುದರಿಂದ ಒಂದು ಅಯಾನು ಹೆಚ್ಚಾದಷ್ಟೂ ಇನ್ನೊಂದಕ್ಕೆ ಅವಕಾಶ ಕಡಿಮೆ. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಗಡಸುನೀರಿನಲ್ಲಿ, ಅಂದರೆ 2.5 × 10⁻³ ಮೋಲಿನಲ್ಲಿ, ಫ್ಲೋರೈಡ್ ಏರಬಹುದಾದ ಮೇಲ್ಮಿತಿ ಸುಮಾರು 2.2 ಮಿಲಿಗ್ರಾಂ. ಕ್ಯಾಲ್ಸಿಯಂ 20 ಮಿಲಿಗ್ರಾಮಿಗೆ ಇಳಿದರೆ ಅದೇ ಮಿತಿ 5 ಮಿಲಿಗ್ರಾಮಿಗೆ ಏರುತ್ತದೆ. ಕ್ಯಾಲ್ಸಿಯಂ ಐದರಲ್ಲಿ ಒಂದು ಪಾಲಾದರೂ ಫ್ಲೋರೈಡ್ ಐದುಪಟ್ಟಾಗದೆ ಸುಮಾರು ಎರಡೂಕಾಲುಪಟ್ಟು ಮಾತ್ರ ಆಗುವುದಕ್ಕೆ ಕಾರಣ ಸೂತ್ರದಲ್ಲಿರುವ ವರ್ಗ. ಬಾಯಿಗೆ ಮೆದುವಾಗಿ, ಸಾಬೂನಿಗೆ ಚೆನ್ನಾಗಿ ನೊರೆ ಬರುವ ನೀರನ್ನು ಒಳ್ಳೆಯ ನೀರೆಂದು ಹೊಗಳುವುದು ನಮ್ಮಲ್ಲಿ ರೂಢಿ. ಗಡಸುಶಿಲೆಯ ಸೀಮೆಯಲ್ಲಿ ಆ ಮೆದುತನವೇ ಸಂಶಯಕ್ಕೆ ಆಸ್ಪದ.

ಹಿರಿಯೂರು ಸೀಮೆಯ ಕೊಳವೆಬಾವಿಯೊಂದರದೆಂದು ಲೆಕ್ಕಕ್ಕಾಗಿ ಒಂದು ನೀರನ್ನು ಕಲ್ಪಿಸಿಕೊಳ್ಳೋಣ: ಕ್ಯಾಲ್ಸಿಯಂ 20 ಮಿಲಿಗ್ರಾಂ, ಫ್ಲೋರೈಡ್ 3 ಮಿಲಿಗ್ರಾಂ. ಮೊದಲು ಮಿಲಿಗ್ರಾಮುಗಳನ್ನು ಮೋಲುಗಳಿಗೆ ತಿರುಗಿಸಬೇಕು. ಈ ಹೆಜ್ಜೆಯನ್ನು ಮರೆತು ವರದಿಯ ಅಂಕಿಗಳನ್ನೇ ಗುಣಿಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ. ಕ್ಯಾಲ್ಸಿಯಂ 20 ಮಿಲಿಗ್ರಾಮನ್ನು 40ರಿಂದ ಭಾಗಿಸಿದರೆ 0.5 ಮಿಲಿಮೋಲು, ಅಂದರೆ 5.0 × 10⁻⁴ ಮೋಲು. ಫ್ಲೋರೈಡ್ 3 ಮಿಲಿಗ್ರಾಮನ್ನು 19ರಿಂದ ಭಾಗಿಸಿದರೆ 1.58 × 10⁻⁴ ಮೋಲು.

Q = (5.0 × 10⁻⁴) × (1.58 × 10⁻⁴)² = 1.25 × 10⁻¹¹

Q / K = 0.36

Q ಇನ್ನೂ K ಯ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಭೂಜಲಶಾಸ್ತ್ರಜ್ಞರು ಈ ನಿಷ್ಪತ್ತಿಯ ಲಾಗರಿದಮನ್ನು ಸಂತೃಪ್ತಿ ಸೂಚ್ಯಂಕವೆಂದು ಕರೆಯುತ್ತಾರೆ. ಇಲ್ಲಿ ಅದು −0.45. ಋಣಚಿಹ್ನೆಯ ಅರ್ಥವೇನೆಂದರೆ, ಈ ನೀರು ಈಗಾಗಲೇ ಸಹ್ಯಮಿತಿಯ ಇಮ್ಮಡಿ ಫ್ಲೋರೈಡನ್ನು ಹೊತ್ತಿದ್ದರೂ ಫ್ಲೂರೈಟಿನ ದೃಷ್ಟಿಯಿಂದ ಇನ್ನೂ ಹಸಿದಿದೆ. ಹರಳು ಸಿಕ್ಕಿ, ಕಾಲವೂ ಸಿಕ್ಕಿದರೆ, ಇನ್ನಷ್ಟನ್ನು ಕರಗಿಸಿಕೊಳ್ಳಬಲ್ಲದು. ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಆರೋಗ್ಯದ ಮಿತಿಗೂ ರಸಾಯನದ ಮಿತಿಗೂ ಪರಸ್ಪರ ಸಂಬಂಧವಿಲ್ಲ. ಪ್ರಕೃತಿಯು ಫ್ಲೋರೈಡನ್ನು ತಡೆದು ನಿಲ್ಲಿಸುವ ಮೇಲ್ಛಾವಣಿ ನಮಗೆ ಬೇಕಾದ ಎತ್ತರದಲ್ಲಿಲ್ಲ. ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮಾತ್ರ ಇದ್ದರೆ ಅದು K ಯ ಕೃಪೆಯಲ್ಲ. ಆ ನೀರು ಹರಳನ್ನು ಮುಟ್ಟಿಲ್ಲ, ಅಥವಾ ಮುಟ್ಟಿ ಬಹುಕಾಲವಾಗಿಲ್ಲ. ಫ್ಲೋರೈಡಿನ ಮೂಲ ಅಭ್ರಕವಾಗಿದ್ದರೆ ಅದನ್ನು ಬಿಡುಗಡೆ ಮಾಡುವ ಕ್ರಿಯೆಯೇ ಬೇರೆ. ಆಗಲೂ ಕಟ್ಟಕಡೆಯ ಮೇಲ್ಮಿತಿಯನ್ನು ಹಾಕುವುದು ಫ್ಲೂರೈಟೇ, ಏಕೆಂದರೆ Q ಅದರ K ಯನ್ನು ದಾಟಿದರೆ ಹೊಸ ಹರಳು ಹುಟ್ಟತೊಡಗುತ್ತದೆ.

ಹಾಗಾದರೆ ಒಂದು ಬಾವಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿಯೂ ಇನ್ನೊಂದರಲ್ಲಿ ವಿರಳವಾಗಿಯೂ ಇರುವುದೇಕೆ? ಇಲ್ಲಿ ಎರೆಮಣ್ಣಿನ ಸುಣ್ಣದ ಗಂಟುಗಳು ಪ್ರವೇಶಿಸುತ್ತವೆ. ಅವು ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಒಣಸೀಮೆಯಲ್ಲಿ ನೀರು ಆವಿಯಾಗುತ್ತ ಹೋದಂತೆ ಬೈಕಾರ್ಬೊನೇಟಿನ ಸಾರತೆ ಏರುತ್ತದೆ, ನೀರು ಕ್ಷಾರವಾಗುತ್ತದೆ, ಕ್ಯಾಲ್ಸೈಟಿನ Q ಅದರ K ಯನ್ನು ಮೀರಿ ಕ್ಯಾಲ್ಸಿಯಂ ಗಂಟುಗಳಾಗಿ ಹೊರಬೀಳುತ್ತದೆ. ಜೇಡಿಯ ಕಣಗಳು ಉಳಿದ ಕ್ಯಾಲ್ಸಿಯಮನ್ನು ಹಿಡಿದುಕೊಂಡು ಸೋಡಿಯಮನ್ನು ಬಿಟ್ಟುಕೊಡುತ್ತವೆ. ಹೀಗೆ ಸೋಡಿಯಂ ಬೈಕಾರ್ಬೊನೇಟ್ ಪ್ರಧಾನವಾದ, ಕ್ಯಾಲ್ಸಿಯಂ ಕಳೆದುಕೊಂಡ ನೀರು ಉಂಟಾಗುತ್ತದೆ. ನೆಲದ ಮೇಲೆ ಇದೇ ಚೌಳಾಗಿ ಬಿಳಿಯ ಹೊಪ್ಪಳೆ ಕಟ್ಟುತ್ತದೆ, ನೆಲದೊಳಗೆ ಫ್ಲೋರೈಡಿಗೆ ಬಾಗಿಲು ತೆರೆಯುತ್ತದೆ. ಎರಡು ಖನಿಜಗಳ ಸಮೀಕರಣಗಳನ್ನು ಕೂಡಿಸಿ ಬರೆದರೆ ಈ ಸಂಬಂಧ ಕಣ್ಣಿಗೆ ಕಟ್ಟುತ್ತದೆ:

CaCO₃ + H⁺ + 2F⁻ ⇌ CaF₂ + HCO₃⁻

K = [HCO₃⁻] / [H⁺] [F⁻]²

ಸಮೀಕರಣಗಳನ್ನು ಕೂಡಿಸಿದಾಗ ಸ್ಥಿರಾಂಕಗಳನ್ನು ಗುಣಿಸಬೇಕೆಂಬ ನಿಯಮದಂತೆ ಇದರ ಬೆಲೆ ಸುಮಾರು 2 × 10¹². ಇದು ದೊಡ್ಡ ಸಂಖ್ಯೆ. ಮೊದಲ ನೋಟದಲ್ಲಿ ಸುಣ್ಣದ ಗಂಟುಗಳಿರುವ ನೆಲದಲ್ಲಿ ಫ್ಲೋರೈಡೆಲ್ಲ ಫ್ಲೂರೈಟಾಗಿ ಹೆಪ್ಪುಗಟ್ಟಿ, ನೀರು ನಿರ್ಮಲವಾಗಬೇಕು. ಆದರೆ ಛೇದದಲ್ಲಿ ಜಲಜನಕ ಅಯಾನು ಕುಳಿತಿದೆ. ಪಿಎಚ್ 8 ಇರುವ ನೀರಿನಲ್ಲಿ ಅದರ ಸಾರತೆ 10⁻⁸ ಮಾತ್ರ. ಲೀಟರಿಗೆ ಸುಮಾರು 305 ಮಿಲಿಗ್ರಾಂ, ಅಂದರೆ 5 × 10⁻³ ಮೋಲು ಬೈಕಾರ್ಬೊನೇಟ್ ಇದ್ದರೆ, [F⁻]² = 2.5 × 10⁻⁷. ಫ್ಲೋರೈಡ್ 5 × 10⁻⁴ ಮೋಲು, ಸುಮಾರು 9.5 ಮಿಲಿಗ್ರಾಂ. ಹನ್ನೆರಡು ಸೊನ್ನೆಗಳ ಸ್ಥಿರಾಂಕವು ಇಷ್ಟನ್ನು ದ್ರಾವಣದಲ್ಲಿಯೇ ಉಳಿಸಿತು. ಅದೇ ಬೈಕಾರ್ಬೊನೇಟಿಗೆ ಪಿಎಚ್ 7 ಇದ್ದಿದ್ದರೆ ಮೇಲ್ಮಿತಿ 3 ಮಿಲಿಗ್ರಾಂ ಆಗುತ್ತಿತ್ತು. ಪಿಎಚ್ ಒಂದು ಮೆಟ್ಟಿಲು ಏರಿದರೆ ಫ್ಲೋರೈಡಿನ ಮಿತಿ ಹತ್ತರ ವರ್ಗಮೂಲದಷ್ಟು, ಅಂದರೆ ಮೂರುಪಟ್ಟಿಗಿಂತ ಹೆಚ್ಚು ಏರುತ್ತದೆ. ಬೈಕಾರ್ಬೊನೇಟ್ ನಾಲ್ಮಡಿಯಾದರೆ ಇಮ್ಮಡಿಯಾಗುತ್ತದೆ. ಹಿರಿದು ಕಿರಿದೆಂಬ ಮಾತನ್ನು K ಯೊಂದನ್ನೇ ನೋಡಿ ಆಡಬಾರದೆಂದು ಮೊದಲು ಹೇಳಿದುದು ಇದಕ್ಕಾಗಿ.

ಈ ಲೆಕ್ಕಗಳ ನಿಖರತೆಗೂ ಎಲ್ಲೆಯುಂಟು. ಕಟ್ಟುನಿಟ್ಟಾಗಿ ನೋಡಿದರೆ ಸೂತ್ರದಲ್ಲಿ ಇರಬೇಕಾದುದು ಸಾರತೆಯಲ್ಲ, ಸಕ್ರಿಯತೆ. ಲವಣಗಳಿರುವ ನೀರಿನಲ್ಲಿ ವಿರುದ್ಧ ಆವೇಶದ ಅಯಾನುಗಳು ಒಂದನ್ನೊಂದು ಸುತ್ತುವರಿದು ತಡೆಯುವುದರಿಂದ, ಎರಡು ಆವೇಶಗಳ ಕ್ಯಾಲ್ಸಿಯಂ ತನ್ನ ಸಾರತೆಯ ಮೂರರಲ್ಲಿ ಎರಡು ಪಾಲಿನಷ್ಟೂ, ಒಂದು ಆವೇಶದ ಫ್ಲೋರೈಡ್ ಹತ್ತರಲ್ಲಿ ಒಂಬತ್ತು ಪಾಲಿನಷ್ಟೂ ಮಾತ್ರ ಕೆಲಸಮಾಡುವುದುಂಟು. ಸಾಧಾರಣ ಕೊಳವೆಬಾವಿಯ ನೀರಿನಲ್ಲಿ ಇದರಿಂದ ನಿಜವಾದ Q ನಮ್ಮ ಸರಳ ಲೆಕ್ಕದ ಅರ್ಧದಷ್ಟಕ್ಕೆ ಇಳಿಯುತ್ತದೆ, ಮೇಲಿನ 0.36 ಎಂಬುದು ಸುಮಾರು 0.19 ಆಗುತ್ತದೆ. ದಿಕ್ಕು ಬದಲಾಗಲಿಲ್ಲ, ಆದರೆ ನಿಷ್ಪತ್ತಿ ಒಂದರ ಸಮೀಪದಲ್ಲಿದ್ದರೆ ದಿಕ್ಕೇ ಬದಲಾಗಬಹುದಾದುದರಿಂದ ಅಂಥಲ್ಲಿ ಸರಳ ಲೆಕ್ಕವನ್ನು ನಂಬಲಾಗದು.

ಇದಕ್ಕಿಂತ ದೊಡ್ಡ ತಪ್ಪು ನಡೆಯುವುದು ಬಾವಿಯ ಬಾಯಲ್ಲಿ. ಆಳದಲ್ಲಿ ಒತ್ತಡದೊಳಗಿದ್ದ ನೀರು ಮೇಲೆ ಬಂದೊಡನೆ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಪಿಎಚ್ ಏರುತ್ತದೆ, ಸೀಸೆಯೊಳಗೇ ಕ್ಯಾಲ್ಸೈಟ್ ಇಳಿಯತೊಡಗುತ್ತದೆ. ಎರಡು ದಿನ ಬಿಟ್ಟು ಪ್ರಯೋಗಶಾಲೆಯಲ್ಲಿ ಅಳೆದ ಕ್ಯಾಲ್ಸಿಯಂ ನೆಲದೊಳಗಿದ್ದುದಲ್ಲ. ಅದನ್ನು ಇಟ್ಟು ಮಾಡಿದ Q ಸಹ ನೆಲದೊಳಗಿನ Q ಅಲ್ಲ. ಸೀಸೆಯ ಗೋಡೆಗೆ ತೆಳ್ಳನೆಯ ಬಿಳಿಯ ಪೊರೆ ಅಂಟಿದ್ದರೆ, ಅಥವಾ ಕ್ಯಾಲ್ಸೈಟಿನ ಸಂತೃಪ್ತಿ ಸೂಚ್ಯಂಕವು ಅಸಾಧಾರಣವಾಗಿ ಧನವಾಗಿ ಬಂದರೆ, ಇದನ್ನು ಶಂಕಿಸಬೇಕು. ಪಿಎಚ್ ಮತ್ತು ಬೈಕಾರ್ಬೊನೇಟುಗಳನ್ನು ಬಾವಿಯ ಬಳಿಯಲ್ಲಿಯೇ ಅಳೆದು, ಕ್ಯಾಲ್ಸಿಯಮಿಗೆಂದು ಪ್ರತ್ಯೇಕವಾಗಿ ತೆಗೆದ ನೀರಿಗೆ ಸ್ವಲ್ಪ ಆಮ್ಲ ಸೇರಿಸಿಡುವುದು ಈ ಕಾರಣದಿಂದ.

K ಯನ್ನು ಬದಲಿಸಲಾಗದು. ಆದರೆ Q ನಮ್ಮ ಕೈಯಲ್ಲಿದೆ. ಚೌಳುಭೂಮಿಗೆ ಜಿಪ್ಸಂ ಹಾಕುವುದು ರೈತರಿಗೆ ಪರಿಚಿತ; ಜಿಪ್ಸಮಿನ ಕ್ಯಾಲ್ಸಿಯಂ ಜೇಡಿಯಲ್ಲಿನ ಸೋಡಿಯಮನ್ನು ಹೊರದೂಡುತ್ತದೆ. ಅದನ್ನೇ ನಮ್ಮ ಕಲ್ಪಿತ ಬಾವಿಯ ನೀರಿಗೆ ಹಾಕಿ ಕ್ಯಾಲ್ಸಿಯಮನ್ನು 20ರಿಂದ 200 ಮಿಲಿಗ್ರಾಮಿಗೆ ಏರಿಸಿದೆವೆನ್ನೋಣ. Q ಹತ್ತುಪಟ್ಟಾಗಿ 1.25 × 10⁻¹⁰ ಆಗುತ್ತದೆ. Q / K ಈಗ 3.6. ಕ್ರಿಯೆಯ ದಿಕ್ಕು ತಿರುಗಿ, ಫ್ಲೂರೈಟ್ ಪ್ರಕ್ಷೇಪವಾಗಿ ಇಳಿಯಬೇಕು. ಫ್ಲೋರೈಡ್ ಸುಮಾರು 1.6 ಮಿಲಿಗ್ರಾಮಿಗೆ ಬಂದು ನಿಲ್ಲಬೇಕು. ಇಷ್ಟು ಶ್ರಮದ ಕೊನೆಗೂ ಸಹ್ಯಮಿತಿ ಕೂದಲೆಳೆಯಷ್ಟು ಆಚೆಗೇ ಉಳಿಯಿತು! ಅಷ್ಟೇ ಅಲ್ಲದೆ, 200 ಮಿಲಿಗ್ರಾಂ ಕ್ಯಾಲ್ಸಿಯಮಿಗೆ ಮಾನಕವು ಒಪ್ಪುವ ಕಟ್ಟಕಡೆಯ ಮಿತಿ. ಜಿಪ್ಸಮಿನೊಡನೆ ಬಂದ ಸಲ್ಫೇಟ್ ಲೀಟರಿಗೆ ಸುಮಾರು 430 ಮಿಲಿಗ್ರಾಮಾಗಿ 400ರ ಮಿತಿಯನ್ನು ದಾಟಿದೆ. ಬೈಕಾರ್ಬೊನೇಟ್ ತುಂಬಿದ ನೀರಿನಲ್ಲಿ ಸೇರಿಸಿದ ಕ್ಯಾಲ್ಸಿಯಮಿನ ಬಹುಭಾಗ ಕ್ಯಾಲ್ಸೈಟಾಗಿ ಕಳೆದುಹೋಗುವುದು ಇನ್ನೊಂದು ತೊಡಕು. ಆದುದರಿಂದ ಕುಡಿಯುವ ನೀರಿಗೆ ಇದು ಉಪಾಯವಲ್ಲ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣದೊಡನೆ ಪಟಿಕವನ್ನೂ ಸೇರಿಸುತ್ತಾರೆ. ಅಲ್ಲಿ ಫ್ಲೋರೈಡನ್ನು ಮುಖ್ಯವಾಗಿ ಹಿಡಿಯುವುದು ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಹತ್ತಿಯಂಥ ಹಿಂಡೆಗಳು. ಹಿಡಿಯುವ ವಸ್ತು ಬೇರೆ, ಸಮತೋಲನ ಬೇರೆ. ಆದಕಾರಣ ಅದು ಫ್ಲೂರೈಟಿನ K ಹಾಕಿದ ತಳಮಟ್ಟಕ್ಕಿಂತ ಕೆಳಗೆ ಇಳಿಯಬಲ್ಲದು.

ಮಳೆನೀರನ್ನು ಬೆರೆಸಿದರೆ ಏನಾಗುವುದು? ಸಮಪಾಲು ಮಳೆನೀರು ಕೂಡಿದಾಗ ಕ್ಯಾಲ್ಸಿಯಮೂ ಫ್ಲೋರೈಡೂ ಅರ್ಧವಾಗುತ್ತವೆ. 3 ಮಿಲಿಗ್ರಾಮಿನ ನೀರು ಅಲ್ಲಿಂದಲ್ಲಿಗೆ 1.5 ಮಿಲಿಗ್ರಾಮಿಗೆ ಬರುತ್ತದೆ. ಆದರೆ Q ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ: ಅರ್ಧದ ಕ್ಯಾಲ್ಸಿಯಂ, ಕಾಲುಭಾಗದ ಫ್ಲೋರೈಡ್ ವರ್ಗ. ತೊಟ್ಟಿಯಲ್ಲಿ ಬೆರೆಸಿ ಕುಡಿದರೆ ಇದರಿಂದ ಯಾವ ಹಾನಿಯೂ ಇಲ್ಲ, ಏಕೆಂದರೆ ಅಲ್ಲಿ ಹರಳಿಲ್ಲ. ಅದೇ ಮಳೆನೀರು ಬತ್ತಿದ ಕೊಳವೆಬಾವಿಯ ಮೂಲಕ ಬಂಡೆಯೊಳಗೆ ಇಳಿದರೆ, ಮೊದಮೊದಲು ಫ್ಲೋರೈಡ್ ತಗ್ಗಿದಂತೆ ಕಂಡು, ಹಸಿವು ಹೆಚ್ಚಿದ ನೀರು ಬಿರುಕುಗಳಲ್ಲಿ ನಿಂತಷ್ಟು ಕಾಲವೂ ಹರಳನ್ನು ಕರಗಿಸುತ್ತ ಹೋಗುತ್ತದೆ. ಮತ್ತೆ ಎಷ್ಟರಮಟ್ಟಿಗೆ ಏರುವುದೆಂಬುದನ್ನು Q ಮತ್ತು K ಹೇಳಬಲ್ಲವು. ಎಷ್ಟು ದಿನದಲ್ಲಿ ಎಂಬುದನ್ನು ಹೇಳಲಾರವು. ಇಂಗಿಸುವಿಕೆಯ ಫಲವನ್ನು ಮಳೆ ಕಳೆದ ವಾರದಲ್ಲಿ ಮಾತ್ರ ಅಳೆದು ತೃಪ್ತಿಪಡದೆ, ಬೇಸಗೆಯಲ್ಲಿಯೂ ಅಳೆಯಬೇಕಾದುದು ಈ ನಿಮಿತ್ತ.

ಗ್ರಾಮಗಳಲ್ಲಿ ಈಗ ಸ್ಥಾಪಿತವಾಗಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇದಕ್ಕೆ ವಿಪರೀತವಾದುದು ನಡೆಯುತ್ತದೆ. ಅಲ್ಲಿನ ಪೊರೆಯು ನೀರಿನ ಅರ್ಧಭಾಗವನ್ನು ಲವಣವಿಲ್ಲದಂತೆ ಸೋಸಿ ಕೊಟ್ಟರೆ, ಹೊರಬೀಳುವ ಇನ್ನರ್ಧದಲ್ಲಿ ಕ್ಯಾಲ್ಸಿಯಂ ಫ್ಲೋರೈಡುಗಳೆರಡೂ ಹೆಚ್ಚುಕಡಿಮೆ ಇಮ್ಮಡಿಯಾಗಿ, Q ಎಂಟುಪಟ್ಟು ಏರುತ್ತದೆ. ನಮ್ಮ ಬಾವಿಯ 0.36 ಈಗ 2.9, ಫ್ಲೂರೈಟ್ ಪೊರೆಯ ಮೇಲೆ ಹರಳುಗಟ್ಟಲು ಅಧಿಕಾರ ಪಡೆಯಿತು, ಕ್ಯಾಲ್ಸೈಟ್ ಅದಕ್ಕೆ ಮೊದಲೇ ಕಟ್ಟತೊಡಗಿರುತ್ತದೆ. ಘಟಕದಿಂದ ಬರುವ ನೀರಿನ ಧಾರೆ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತ, ಪಂಪಿನ ಒತ್ತಡ ಏರುತ್ತ ಹೋಗುವುದು ಇದರ ಗುರುತು. ಇದನ್ನು ತಡೆಯಲು ಪೊರೆಗೆ ಮುನ್ನ ನೀರಿಗೆ ಹನಿಹನಿಯಾಗಿ ಸೇರಿಸುವ ಔಷಧಿಯು K ಯನ್ನಾಗಲಿ Q ವನ್ನಾಗಲಿ ಹೇಳಿಕೊಳ್ಳುವಷ್ಟು ಬದಲಿಸುವುದಿಲ್ಲ. ಹುಟ್ಟುತ್ತಿರುವ ಹರಳಿನ ಮೈಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ನೀರು ಪೊರೆಯ ಮೇಲೆ ಹಾಯ್ದುಹೋಗುವ ಕೆಲವು ಕ್ಷಣಗಳಷ್ಟು ತಡವಾದರೆ ಸಾಕು, Q ಯು K ಯನ್ನು ಮೀರಿದ್ದರೂ ಹರಳು ಕಟ್ಟುವುದು ಪೊರೆಯ ಮೇಲಲ್ಲ, ಹೊರಗಿನ ಚರಂಡಿಯಲ್ಲಿ.